ಚಂದ್ರನ ಕಲೆಗಳ ಪಾಠ, ಪ್ರೊಜೆಕ್ಟರ್, ಮಳೆಗಾಲದ ಕರೆಂಟ್: ಪರ್ಯಾಯ ಏನು ಇಟ್ಟುಕೊಳ್ಳಲಿ?

ವಾಸ್ಕೋ_ಶಿಕ್ಷಕಿ

ವಾಸ್ಕೋದ ಹತ್ತಿರ ನಾವು ನಾಲ್ಕು ಜನ ಸೇರಿ ಶನಿವಾರ ಬೆಳಿಗ್ಗೆ ಕನ್ನಡದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇವೆ. ಆರು, ಏಳನೆಯ ತರಗತಿಯ 24 ಮಕ್ಕಳು. ಒಂದು ಸಭಾಭವನದ ಮೇಲಿನ ಕೋಣೆ ಸಿಕ್ಕಿದೆ, ಸಮಯ 45 ನಿಮಿಷ. ಯಾರೋ ಪುಣ್ಯಾತ್ಮರು ತಮ್ಮ ಕಚೇರಿಯ ಹಳೆಯ ಪ್ರೊಜೆಕ್ಟರ್ ಕೊಟ್ಟಿದ್ದಾರೆ, ದೀಪ ಇರುವಂಥದ್ದು.

ಕಳೆದ ವಾರ ಚಂದ್ರನ ಕಲೆಗಳ ಪಾಠ. 22 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಒಂಬತ್ತನೆಯದರಲ್ಲಿ ಕರೆಂಟ್ ಹೋಯಿತು. ಎರಡೇ ನಿಮಿಷಕ್ಕೆ ಬಂತು ಎಂದು ಖುಷಿಪಟ್ಟರೆ ಪ್ರೊಜೆಕ್ಟರ್ ಹೊತ್ತಿಕೊಳ್ಳಲೇ ಇಲ್ಲ. ಕೆಂಪು ದೀಪ ಮಿನುಗುತ್ತಾ ಕುಳಿತಿತು. ಅದು ಎದ್ದು ಚಿತ್ರ ತೋರಿಸುವ ಹೊತ್ತಿಗೆ ಹನ್ನೆರಡು ನಿಮಿಷ ಹೋಗಿತ್ತು, ನನ್ನ ಹಾಳೆಗಳೆಲ್ಲ ರಾಕೆಟ್ ಆಗಿ ಹಾರುತ್ತಿದ್ದವು. ಮತ್ತೆ ಹದಿನಾಲ್ಕನೆಯ ಸ್ಲೈಡಿಗೆ ಬಂದಾಗ ಇನ್ನೊಮ್ಮೆ ಹೋಯಿತು. ನಾನು ಚೀಲ ಕಟ್ಟಿದೆ.

ಬರುವ ಶನಿವಾರ ಅದೇ ಪಾಠ ಮುಗಿಸಬೇಕು. ಕೈಯಲ್ಲಿ ಐದು ಸಾವಿರ ರೂಪಾಯಿ ಇದೆ. ಯುಪಿಎಸ್ ತೆಗೆದುಕೊಳ್ಳಲೇ? ಮತ್ತೇನಾದರೂ ದಾರಿ ಇದೆಯೇ?

ಡೊಂಬಿವಲಿ_ಶೆಟ್ಟಿ

ಮೇಡಂ, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ. 600 ವಿಎ ಯುಪಿಎಸ್ ತನ್ನಿ. ನನ್ನ ಅಂಗಡಿಯ ಕಂಪ್ಯೂಟರಿಗೆ ಅದನ್ನೇ ಹಾಕಿದ್ದೇನೆ. ನಮ್ಮಲ್ಲಿ ಶುಕ್ರವಾರ ದುರಸ್ತಿಯೆಂದು ಕರೆಂಟ್ ತೆಗೆದಾಗ ಅರ್ಧ ಗಂಟೆ ಬಿಲ್ ಮಾಡುತ್ತೇನೆ. ಪ್ರೊಜೆಕ್ಟರ್ ಏನು, ಒಂದು ಬಲ್ಬು ತಾನೇ.

ಅಂಧೇರಿ_ಕಾಕಾ

ಮುಂಬೈಯಲ್ಲಿ ನಮಗೆ ಈ ತೊಂದರೆಯೇ ಇಲ್ಲ. ನನಗೆ ನೆನಪಿರುವ ದೊಡ್ಡ ಕತ್ತಲೆ ಎಂದರೆ 2020ರ ಅಕ್ಟೋಬರ್ 12, ಅಂದು ಲೋಕಲ್ ರೈಲೂ ನಿಂತಿದ್ದವು. ಅದಿರಲಿ, ಚಂದ್ರನ ಕಲೆಗೆ 22 ಸ್ಲೈಡ್ ಏಕೆ ತಾಯಿ? ಹುಣ್ಣಿಮೆಯ ದಿನ ಮಕ್ಕಳನ್ನು ಮಹಡಿಗೆ ಕರೆದುಕೊಂಡು ಹೋಗಿ, ಮೊಲದ ಗುರುತು ಬರಿಗಣ್ಣಿಗೇ ಕಾಣಿಸುತ್ತದೆ.

ವಾಸ್ಕೋ_ಶಿಕ್ಷಕಿ

ಕಾಕಾ, ಆ ಕಲೆಯಲ್ಲ! ಶುಕ್ಲ ಪಕ್ಷ, ಕೃಷ್ಣ ಪಕ್ಷದಲ್ಲಿ ಬೆಳೆಯುವ, ಕರಗುವ ಕಲೆ. ಮಳೆಗಾಲದ ಗೋವಾದಲ್ಲಿ ಹುಣ್ಣಿಮೆ ಯಾವುದು ಅಮಾವಾಸ್ಯೆ ಯಾವುದು ಎಂದು ಕ್ಯಾಲೆಂಡರ್ ನೋಡಿಯೇ ತಿಳಿಯಬೇಕು.

ವೈರ್‌ಮನ್_ಮಡಗಾಂವ

ಅಕ್ಕಾ, ಕೊಳ್ಳುವ ಮೊದಲು ಪ್ರೊಜೆಕ್ಟರಿನ ತಳದಲ್ಲಿ ಅಂಟಿಸಿದ ಚೀಟಿ ನೋಡಿ, ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. ಹಳೆಯ ದೀಪದ ಪ್ರೊಜೆಕ್ಟರ್ ಸಾಮಾನ್ಯವಾಗಿ 250ರಿಂದ 300 ವ್ಯಾಟ್ ಎಳೆಯುತ್ತದೆ. ಶೆಟ್ಟರ ಬಿಲ್ಲಿನ ಕಂಪ್ಯೂಟರ್ 60, 70ಕ್ಕಿಂತ ಹೆಚ್ಚು ಎಳೆಯಲಾರದು. ಅವರ ಅರ್ಧ ಗಂಟೆ ಸುಳ್ಳಲ್ಲ, ಆದರೆ ಅದು ಅವರ ಅಂಗಡಿಯ ಅರ್ಧ ಗಂಟೆ.

ಚಿಕ್ಕ ಯುಪಿಎಸ್ಸಿನ ಒಳಗೆ ಇರುವುದು 12 ವೋಲ್ಟ್, 7 ಆಂಪಿಯರ್ ಗಂಟೆಯ ಒಂದು ಬ್ಯಾಟರಿ. ಗುಣಿಸಿದರೆ 84 ವ್ಯಾಟ್ ಗಂಟೆ. 280 ವ್ಯಾಟಿನ ಪ್ರೊಜೆಕ್ಟರಿಗೆ ಕಾಗದದ ಮೇಲೆ 18 ನಿಮಿಷ ಬರಬೇಕು. ಬರುವುದಿಲ್ಲ. ಅಷ್ಟು ಚಿಕ್ಕ ಬ್ಯಾಟರಿಯಿಂದ ಅಷ್ಟು ಜೋರಾಗಿ ಎಳೆದರೆ ಅರ್ಧ ಶಕ್ತಿಯೂ ಕೈಗೆ ಸಿಗುವುದಿಲ್ಲ. ಹೊಸದಿದ್ದಾಗ ಐದಾರು ನಿಮಿಷ, ಎರಡು ವರ್ಷ ಕಳೆದ ಮೇಲೆ ಎರಡು ನಿಮಿಷ ಎಂದು ಇಟ್ಟುಕೊಳ್ಳಿ. ಇಕೋ ಎಂಬ ಆಯ್ಕೆ ಇದ್ದರೆ ಹಾಕಿ, ಸ್ವಲ್ಪ ಹೆಚ್ಚು ಸಿಗುತ್ತದೆ.

ಕರೆಂಟ್ ಬಂದರೂ ಪ್ರೊಜೆಕ್ಟರ್ ಏಕೆ ಏಳಲಿಲ್ಲ ಎಂದರೆ ಅದರ ದೀಪ ಪಾದರಸದ್ದು. ಬಿಸಿಯಾಗಿರುವಾಗ ಒಳಗಿನ ಒತ್ತಡ ತುಂಬಾ ಇರುತ್ತದೆ, ಕಿಡಿ ಹತ್ತುವುದಿಲ್ಲ. ತಣಿಯುವವರೆಗೆ ಕಾಯಲೇಬೇಕು. ಮಾಮೂಲಾಗಿ ಆರಿಸಿದರೆ ಫ್ಯಾನ್ ತಿರುಗಿ ಬೇಗ ತಣಿಸುತ್ತದೆ. ಕರೆಂಟೇ ಹೋದರೆ ಫ್ಯಾನೂ ನಿಲ್ಲುತ್ತದೆ, ದೀಪ ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ಎರಡು ನಿಮಿಷದ ಕರೆಂಟ್ ನಿಮ್ಮ ಹನ್ನೆರಡು ನಿಮಿಷ ತಿಂದದ್ದು ಹಾಗೆ. ಹೀಗೆ ನಾಲ್ಕಾರು ಸಲ ಆದರೆ ದೀಪದ ಆಯುಸ್ಸೂ ಹೋಗುತ್ತದೆ, ಹೊಸ ದೀಪ ನಿಮ್ಮ ಐದು ಸಾವಿರದೊಳಗೆ ಸಿಕ್ಕರೆ ಅದೃಷ್ಟ.

ಆದ್ದರಿಂದ ನಾನು ಯುಪಿಎಸ್ ಬೇಡ ಎನ್ನುವುದಿಲ್ಲ. ಅದು ಪಾಠ ನಡೆಸಲು ಅಲ್ಲ, ದೀಪ ಉಳಿಸಲು. ನಮ್ಮ ಮಳೆಗಾಲದಲ್ಲಿ ಟೊಂಗೆ ತಂತಿಗೆ ಬಡಿದು ಹತ್ತು ಸೆಕೆಂಡ್, ಅರ್ಧ ನಿಮಿಷ ಹೋಗಿ ಬರುವುದು ಎಷ್ಟೋ ಸಲ. ಅಂಥದ್ದನ್ನು ಅದು ದಾಟಿಸುತ್ತದೆ. ಬೀಪ್ ಶುರುವಾದಾಗ ಒಂದು ನಿಮಿಷ ನೋಡಿ. ಬರಲಿಲ್ಲವೇ, ಪ್ರೊಜೆಕ್ಟರಿನ ಗುಂಡಿ ಒತ್ತಿ ಕ್ರಮವಾಗಿ ಆರಿಸಿ, ಫ್ಯಾನ್ ನಿಲ್ಲುವವರೆಗೆ ಯುಪಿಎಸ್ಸನ್ನು ಮುಟ್ಟಬೇಡಿ.

ಡೊಂಬಿವಲಿ_ಶೆಟ್ಟಿ

ಸರಿ, ಒಪ್ಪಿದೆ. ಹಾಗಾದರೆ ಮನೆಗೆ ಹಾಕುವ ದೊಡ್ಡ ಇನ್ವರ್ಟರ್?

ವೈರ್‌ಮನ್_ಮಡಗಾಂವ

ಅದಾದರೆ ನಡೆಯುತ್ತದೆ. 150 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಅರ್ಧವೇ ಕೈಗೆ ಬಂದರೂ ಈ ಪ್ರೊಜೆಕ್ಟರ್ ಮೂರು ಗಂಟೆ ಓಡುತ್ತದೆ. ಸೈನ್ ವೇವ್ ಎಂದು ಬರೆದದ್ದನ್ನೇ ಕೊಳ್ಳಬೇಕು. ಹಿಂಭಾಗದಲ್ಲಿ ಯುಪಿಎಸ್ ಎಂಬ ಸ್ವಿಚ್ ಇದ್ದರೆ ಅದನ್ನು ಆ ಕಡೆಗೆ ಇಡಬೇಕು, ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲೇ ಪ್ರೊಜೆಕ್ಟರ್ ಆರಿಹೋಗುವುದುಂಟು, ಫ್ಯಾನು ಟ್ಯೂಬ್‌ಲೈಟಿಗೆ ಗೊತ್ತೇ ಆಗದಿದ್ದರೂ. ಆದರೆ ಐದು ಸಾವಿರಕ್ಕೆ ಬರುವ ವಸ್ತು ಅದಲ್ಲ. ಸಭಾಭವನದ ಸಮಿತಿಯವರನ್ನು ಕೇಳಿ.

ನಿವೃತ್ತ_ಮಾಸ್ತರ_ಪುಣೆ

ಎಲ್ಲರೂ ಪೆಟ್ಟಿಗೆ ಕೊಳ್ಳುವ ಮಾತೇ ಆಡುತ್ತಿದ್ದೀರಿ. ನಾನು ಪುಣೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವನು. ಇಲ್ಲಿ ಗುರುವಾರ ಬಂತೆಂದರೆ ಕರೆಂಟ್ ಇರುತ್ತದೆ ಎಂದು ಯಾರೂ ನೆಚ್ಚಿಕೊಳ್ಳುತ್ತಿರಲಿಲ್ಲ. ಸ್ಲೈಡು ಬರುವ ಮೊದಲೂ ಚಂದ್ರ ಬೆಳೆಯುತ್ತಿದ್ದ, ಕರಗುತ್ತಿದ್ದ, ನಾವೂ ಕಲಿಸುತ್ತಿದ್ದೆವು.

ತಾಯಿ, ನಿಮ್ಮ 22 ಸ್ಲೈಡುಗಳನ್ನು ಒಂದೊಂದಾಗಿ ನೋಡಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಮಗು ಓದುವುದಿದೆಯೋ, ನಿಂತ ಚಿತ್ರ ನೋಡುವುದಿದೆಯೋ, ಚಲಿಸುವುದನ್ನು ನೋಡುವುದಿದೆಯೋ? ಓದುವುದಾದರೆ ಅದು ಕರಿಹಲಗೆಯ ಕೆಲಸ, ಪ್ರೊಜೆಕ್ಟರಿನದಲ್ಲ. ನಿಂತ ಚಿತ್ರವಾದರೆ ಕಾಗದದ ಕೆಲಸ. ಚಲಿಸುವುದಾದರೆ, ಅದನ್ನು ಮಗು ಕೈಯಲ್ಲಿ ಹಿಡಿದು ಚಲಿಸಬಹುದೇ ಎಂದು ನೋಡಿ. ಇವು ಮೂರೂ ಅಲ್ಲದ್ದು ಏನಾದರೂ ಉಳಿದರೆ ಅದೊಂದಕ್ಕೆ ಮಾತ್ರ ಪ್ರೊಜೆಕ್ಟರ್ ಬೇಕು, ಅದನ್ನು ಪಾಠದ ಮೊದಲಿಗೇ ತೋರಿಸಿಬಿಡಿ. ಕರೆಂಟ್ ಇರುವಾಗಲೇ.

ಇನ್ನೊಂದು ಮಾತು, ಕಠಿಣವಾಗಿ ಕಂಡರೂ ಹೇಳುತ್ತೇನೆ. ಒಮ್ಮೆ ಆರಿದರೆ ಆ ದಿನಕ್ಕೆ ಪ್ರೊಜೆಕ್ಟರ್ ಮುಗಿಯಿತು. ಮತ್ತೆ ಹಚ್ಚಲು ಹೋಗಬೇಡಿ. ಮೊದಲ ಸಲ ಕರೆಂಟ್ ಹೋದದ್ದಕ್ಕೆ ನಿಮ್ಮ ಪಾಠ ಕೆಟ್ಟಿಲ್ಲ, ನೀವು ಅದಕ್ಕಾಗಿ ಕಾದದ್ದಕ್ಕೆ ಕೆಟ್ಟಿತು.

ಪಿಂಪ್ರಿ_ತಾಯಿ

ಮಾಸ್ತರರ ಮಾತು ಕೇಳಲು ಚೆನ್ನ. ನನ್ನ ಮಗ ಹೋಗುವ ಟ್ಯೂಷನ್ನಿನಲ್ಲಿ ಗೋಡೆಯಷ್ಟು ದೊಡ್ಡ ಟಚ್ ಪರದೆ ಹಾಕಿದ್ದಾರೆ. ಗುರುವಾರ ಕರೆಂಟ್ ಹೋದರೆ ಮಕ್ಕಳನ್ನು ಮನೆಗೇ ಕಳುಹಿಸುತ್ತಾರೆ, ಶುಲ್ಕದಲ್ಲಿ ಮಾತ್ರ ಒಂದು ಪೈಸೆ ಕಡಿಮೆ ಇಲ್ಲ. ಇದನ್ನು ಎಲ್ಲಿ ದೂರುವುದು ಯಾರಿಗಾದರೂ ಗೊತ್ತೇ?

ಶಿಕ್ಷಕಿಯವರಿಗೆ: ಈಗ ಬ್ಯಾಟರಿ ಇರುವ ಅಂಗೈಯಗಲದ ಪ್ರೊಜೆಕ್ಟರ್ ಬಂದಿವೆ. ನಾವು ಮನೆಯಲ್ಲಿ ಇಟ್ಟುಕೊಂಡಿದ್ದೇವೆ, ರಾತ್ರಿ ಸಿನಿಮಾ ಚೆನ್ನಾಗಿ ಕಾಣುತ್ತದೆ.

ವೈರ್‌ಮನ್_ಮಡಗಾಂವ

ರಾತ್ರಿ ಎಂದಿರಲ್ಲ, ಅದೇ ಮುಖ್ಯ. ಅವುಗಳ ಬೆಳಕು ಅಕ್ಕನ ಹಳೆಯ ಪ್ರೊಜೆಕ್ಟರಿನ ಹತ್ತನೆಯ ಒಂದು ಪಾಲು ಇದ್ದರೆ ಹೆಚ್ಚು. ಪೆಟ್ಟಿಗೆಯ ಮೇಲೆ ಬರೆದ ಸಾವಿರಗಟ್ಟಲೆ ಲ್ಯೂಮೆನ್ ನಂಬಬೇಡಿ. ಹಗಲು ಹನ್ನೊಂದಕ್ಕೆ ಕಿಟಕಿಯಿರುವ ಕೋಣೆಯಲ್ಲಿ ಎಂಟು ಅಡಿ ಚಿತ್ರ ಬಿಟ್ಟರೆ ಗೋಡೆಯ ಬಣ್ಣವೇ ಕಾಣುತ್ತದೆ. ಹತ್ತಿರ ತಂದು ಮೂರು ಅಡಿಗೆ ಇಳಿಸಿದರೆ ಪರವಾಗಿಲ್ಲ, ಅಗಲ ಅರ್ಧ ಮಾಡಿದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಆದರೆ ಆಗ 24 ಮಕ್ಕಳು ಗುಂಪುಗೂಡಿ ನೋಡಬೇಕು.

ವಾಸ್ಕೋ_ಶಿಕ್ಷಕಿ

ಮಾಸ್ತರರು ಹೇಳಿದಂತೆ ರಾತ್ರಿ ಕುಳಿತು ಸ್ಲೈಡ್ ಎಣಿಸಿದೆ. ನಾಚಿಕೆಯಾಯಿತು. ಹನ್ನೊಂದರಲ್ಲಿ ಬರೀ ಅಕ್ಷರ, ಅದನ್ನು ನಾನೇ ಗಟ್ಟಿಯಾಗಿ ಓದುತ್ತಿದ್ದೆ. ಏಳರಲ್ಲಿ ನಿಂತ ಚಿತ್ರ, ಅವುಗಳಲ್ಲಿ ನಾಲ್ಕು ಬರೀ ಅಲಂಕಾರ. ಉಳಿದ ನಾಲ್ಕರಲ್ಲಿ ಚಲನೆ. ಮೂರು ಒಂದೇ ಸಂಗತಿಯನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುವಂಥವು: ಭೂಮಿಯ ಸುತ್ತ ಚಂದ್ರ. ನಾಲ್ಕನೆಯದು ಮಾತ್ರ ನಿಜಕ್ಕೂ ಬೇರೆ. ಒಂದಿಡೀ ತಿಂಗಳ ಚಂದ್ರ ಅರ್ಧ ನಿಮಿಷದಲ್ಲಿ ಬೆಳೆದು ಕರಗುವ ನಾಸಾದ ವಿಡಿಯೋ. ಅದಕ್ಕೆ ಬದಲಿ ನನಗೆ ಹೊಳೆಯಲಿಲ್ಲ.

ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ: ಆ ವಿಡಿಯೋ ನನ್ನ ಲ್ಯಾಪ್‌ಟಾಪಿನಲ್ಲಿ ಇರಲೇ ಇಲ್ಲ, ಅಲ್ಲಿಯ ವೈ-ಫೈಯಿಂದ ಓಡಿಸುತ್ತಿದ್ದೆ. ಕರೆಂಟಿನ ಜೊತೆ ಅದೂ ಹೋಗಿತ್ತು. ಈಗ ಇಳಿಸಿಕೊಂಡಿದ್ದೇನೆ.

ಆ ಮೂರು ಚಲನೆಗೆ ಚೆಂಡು ಮತ್ತು ದೀಪ ಎಂದು ಯೋಚಿಸಿದೆ. ಮಾಸ್ತರರೇ, ನೀವು ಮಾಡಿಸಿದ್ದೀರಾ? ಚಿತ್ರಗಳನ್ನು ಜೆರಾಕ್ಸ್ ಮಾಡಿಸಲೇ?

ನಿವೃತ್ತ_ಮಾಸ್ತರ_ಪುಣೆ

ಜೆರಾಕ್ಸ್ ಬೇಡ. ಕಪ್ಪು ಆಕಾಶದ ಫೋಟೋ ಜೆರಾಕ್ಸಿನಲ್ಲಿ ಬೂದಿ ಬಳಿದಂತೆ ಬರುತ್ತದೆ. ಎಂಟು ಕಲೆಗಳ ಚಿತ್ರವನ್ನು ಕರಿಹಲಗೆಯ ಮೇಲೆ ಬರೆಯಿರಿ. ಸೀಮೆಸುಣ್ಣ ಬಿದ್ದಲ್ಲಿ ಬೆಳಕು, ಬಿಟ್ಟಲ್ಲಿ ಕತ್ತಲೆ, ಇದಕ್ಕಿಂತ ಸಹಜವಾದದ್ದಿಲ್ಲ. ಬಿಳಿ ಹಲಗೆಯಾದರೆ ಎಚ್ಚರ. ಅಲ್ಲಿ ಮಾರ್ಕರ್ ಬಳಿದದ್ದು ಕತ್ತಲೆ, ಆದರೆ ಅರ್ಧ ಮಕ್ಕಳು ಬಣ್ಣ ತುಂಬಿದ ಭಾಗವನ್ನೇ ಚಂದ್ರ ಎಂದುಕೊಳ್ಳುತ್ತಾರೆ.

ಚೆಂಡಿನ ಆಟ ನಾನು ಎಷ್ಟೋ ಸಲ ಮಾಡಿಸಿದ್ದೇನೆ. ಅದು ಪರ್ಯಾಯವಲ್ಲ, ಅದೇ ಪಾಠ. ಪರದೆಯ ಮೇಲಿನ ಚಿತ್ರದಲ್ಲಿ ಮಗು ಆಕಾಶದ ಹೊರಗೆ ನಿಂತು ಭೂಮಿ, ಚಂದ್ರ ಎರಡನ್ನೂ ನೋಡುತ್ತದೆ. ಚೆಂಡು ಹಿಡಿದಾಗ ಮಗುವಿನ ತಲೆಯೇ ಭೂಮಿ.

ಕೋಣೆಯ ನಡುವೆ ಮಕ್ಕಳ ತಲೆಗಿಂತ ತುಸು ಮೇಲೆ ಒಂದೇ ದೀಪ ತೂಗುಹಾಕಿ. ಕರೆಂಟ್ ಹೋದರೂ ಉರಿಯುವ ಚಾರ್ಜ್ ಬಲ್ಬ್ ಸಿಗುತ್ತದಲ್ಲ, ಅದರ ಜೊತೆ ಕೊಕ್ಕೆ ಇರುವ ಒಂದು ಟೋಪಿ ಕೊಡುತ್ತಾರೆ. ಟೋಪಿ ಹಾಕಿದರೆ ಹತ್ತುತ್ತದೆ, ಕೊಕ್ಕೆಯಿಂದ ಹಗ್ಗಕ್ಕೆ ಕಟ್ಟಬಹುದು. ಟಾರ್ಚ್ ಬೇಡ, ಅದು ಒಂದೇ ದಿಕ್ಕಿಗೆ ಬೆಳಕು ಬಿಡುತ್ತದೆ.

ಮಗು ಮೊದಲು ದೀಪಕ್ಕೆ ಮುಖ ಮಾಡಿ ಚೆಂಡನ್ನು ಕೈ ಚಾಚಿ ಹಿಡಿಯಲಿ. ಬೆಳಗಿದ ಭಾಗ ಆಚೆ ಇದೆ, ತನ್ನ ಕಡೆಗೆ ಕತ್ತಲೆ. ಅಮಾವಾಸ್ಯೆ. ನಿಂತಲ್ಲೇ ನಿಧಾನವಾಗಿ ಎಡಕ್ಕೆ ತಿರುಗಲಿ. ಬಲ ಅಂಚಿನಲ್ಲಿ ಗೆರೆಯಂತೆ ಬೆಳಕು ಹುಟ್ಟುತ್ತದೆ. ಕಾಲು ಸುತ್ತು ತಿರುಗಿದಾಗ ಬಲ ಅರ್ಧ ಬೆಳಗಿರುತ್ತದೆ, ಅದು ಶುಕ್ಲ ಪಕ್ಷದ ಅಷ್ಟಮಿ. ದೀಪಕ್ಕೆ ಬೆನ್ನು ಮಾಡಿದಾಗ ಹುಣ್ಣಿಮೆ. ಇಲ್ಲಿ ಚೆಂಡನ್ನು ತಲೆಗಿಂತ ಎತ್ತರಕ್ಕೆ ಹಿಡಿಯಲು ಹೇಳಿ, ಇಲ್ಲದಿದ್ದರೆ ತಲೆಯ ನೆರಳು ಬಿದ್ದು ಗ್ರಹಣವಾಗುತ್ತದೆ. ಮುಕ್ಕಾಲು ಸುತ್ತಿನಲ್ಲಿ ಎಡ ಅರ್ಧ.

ಗ್ರಹಣವಾದರೂ ಬೈಯಬೇಡಿ. ಭೂಮಿಯ ನೆರಳಿನಿಂದಲೇ ಚಂದ್ರ ಕರಗುತ್ತಾನೆ ಎಂದು ಎಷ್ಟೋ ಮಕ್ಕಳು ನಂಬಿರುತ್ತಾರೆ. ತಲೆಯ ನೆರಳು ಬಿದ್ದದ್ದು ಹುಣ್ಣಿಮೆಯಲ್ಲಿ ಮಾತ್ರ, ಅಷ್ಟಮಿಯಲ್ಲಿ ಅಲ್ಲ ಎಂದು ಅವರ ಕೈಯಲ್ಲೇ ತೋರಿಸಿದರೆ ಆ ನಂಬಿಕೆ ಅಲ್ಲೇ ಬಿಟ್ಟುಹೋಗುತ್ತದೆ.

ಡೊಂಬಿವಲಿ_ಶೆಟ್ಟಿ

ಚೆಂಡಿಗೆ ಟೇಬಲ್ ಟೆನಿಸ್ ಚೆಂಡು ತನ್ನಿ, ಒಂದು ಡಬ್ಬಿ ತಂದರೆ ಆಯಿತು.

ನಿವೃತ್ತ_ಮಾಸ್ತರ_ಪುಣೆ

ಶೆಟ್ಟರೇ, ಅದರೊಳಗೆ ಬೆಳಕು ಹಾಯುತ್ತದೆ. ಕತ್ತಲೆಯ ಭಾಗವೂ ಮಬ್ಬಾಗಿ ಹೊಳೆಯುತ್ತದೆ, ಅಂಚು ಸ್ಪಷ್ಟವಾಗಿ ಕಾಣುವುದಿಲ್ಲ. ಥರ್ಮೋಕೋಲ್ ಚೆಂಡು ಒಳ್ಳೆಯದು. ಸಿಗದಿದ್ದರೆ ಪೆನ್ಸಿಲ್ ಚುಚ್ಚಿದ ನಿಂಬೆಹಣ್ಣು. ಪಾಠ ಮುಗಿದ ಮೇಲೆ ಶರಬತ್ತೂ ಆಗುತ್ತದೆ.

ಪಿಂಪ್ರಿ_ತಾಯಿ

ಒಂದು ಸಂದೇಹ. ಒಮ್ಮೆ ಆರಿದರೆ ಮತ್ತೆ ಹಚ್ಚಲೇಬಾರದು ಎಂದಿರಿ. ಈಗಿನ ಎಲ್‌ಇಡಿ, ಲೇಸರ್ ಪ್ರೊಜೆಕ್ಟರ್‌ಗಳು ತಣಿಯಲು ಕಾಯಿಸುವುದಿಲ್ಲವಲ್ಲ? ಕರೆಂಟ್ ಬಂದ ತಕ್ಷಣ ಹಚ್ಚಿದರೆ ತಪ್ಪೇನು?

ವೈರ್‌ಮನ್_ಮಡಗಾಂವ

ಅವು ಕಾಯಿಸುವುದಿಲ್ಲ, ನಿಜ. ಆದರೂ ಬಂದ ತಕ್ಷಣ ಬೇಡ. ಗಾಳಿ ಮಳೆಯಲ್ಲಿ ಬಂದ ಕರೆಂಟ್ ಕುಣಿಯುತ್ತಿರುತ್ತದೆ, ಐದು ನಿಮಿಷ ಟ್ಯೂಬ್‌ಲೈಟ್ ಸ್ಥಿರವಾಗಿ ಉರಿದ ಮೇಲೆ ಹಚ್ಚಿ. ಗುಡುಗು ಹತ್ತಿರವಿದ್ದರೆ ಪ್ಲಗ್ಗನ್ನೇ ಕಿತ್ತಿಡಿ.

ನಿವೃತ್ತ_ಮಾಸ್ತರ_ಪುಣೆ

ಯಂತ್ರಕ್ಕೆ ತಪ್ಪಿಲ್ಲದಿರಬಹುದು, ತರಗತಿಗೆ ತಪ್ಪು. ಚೆಂಡು ಹಿಡಿದು ನಿಂತ ಮಕ್ಕಳನ್ನು ಮತ್ತೆ ಪರದೆಯ ಕಡೆಗೆ ತಿರುಗಿಸಿದರೆ ಆ ಎರಡು ಮನಸ್ಸು ಕೂಡುವುದಿಲ್ಲ. ನನ್ನ ಅಭಿಪ್ರಾಯ ಬದಲಾಗಿಲ್ಲ. ಯುಪಿಎಸ್ ಕೂಡ ನನಗೆ ಬೇಡ. ಆ ಬೀಪ್ ಸದ್ದಿಗೆ ಮಕ್ಕಳು ಪಾಠ ಬಿಟ್ಟು ಅದನ್ನೇ ಎಣಿಸುತ್ತಾರೆ.

ವೈರ್‌ಮನ್_ಮಡಗಾಂವ

ದೀಪ ಹೋದರೆ ಹೊಸದನ್ನು ಮಾಸ್ತರರು ಕೊಡಿಸುತ್ತಾರೆಯೇ?

ವಾಸ್ಕೋ_ಶಿಕ್ಷಕಿ (ಶನಿವಾರ ಸಂಜೆ)

ವರದಿ ಒಪ್ಪಿಸುತ್ತಿದ್ದೇನೆ. ಮೂರು ಸಾವಿರದ ಒಳಗೆ ಯುಪಿಎಸ್ ತಂದೆ, ಮಾಸ್ತರರು ಕ್ಷಮಿಸಬೇಕು. ನಿನ್ನೆ ಸಂಜೆಯೇ ಪ್ರೊಜೆಕ್ಟರ್ ಹಚ್ಚಿಟ್ಟು, ಗೋಡೆಯ ಸ್ವಿಚ್ ಆರಿಸಿ, ಮೊಬೈಲಿನಲ್ಲಿ ಸಮಯ ಹಿಡಿದೆ. ಇಕೋದಲ್ಲಿ ಆರು ನಿಮಿಷ ಹತ್ತು ಸೆಕೆಂಡ್. ವೈರ್‌ಮನ್ ಅಣ್ಣ ಹೇಳಿದ್ದಕ್ಕೆ ಬಹಳ ಹತ್ತಿರ.

ಇಂದು ಮೊದಲ ಎಂಟು ನಿಮಿಷದಲ್ಲೇ ಆ ತಿಂಗಳ ಚಂದ್ರನ ವಿಡಿಯೋ ಮೂರು ಸಲ ತೋರಿಸಿದೆ. ಎರಡನೆಯ ಸಲ ಏನೂ ಹೇಳದೆ, ಬೆಳಕು ಯಾವ ಅಂಚಿನಿಂದ ಬರುತ್ತದೆ ನೋಡಿ ಎಂದಷ್ಟೇ ಹೇಳಿ. ಆಮೇಲೆ ನಾನೇ ಪ್ರೊಜೆಕ್ಟರ್ ಆರಿಸಿದೆ. ಕರೆಂಟ್ ಹೋದದ್ದು 11:20ಕ್ಕೆ, ಆಗ ನಾವು ಅದರ ಹಂಗಿನಲ್ಲಿ ಇರಲೇ ಇಲ್ಲ. ಮೇಲೆ ಟ್ಯೂಬ್‌ಲೈಟ್ ಆರಿದ್ದರಿಂದ ಚೆಂಡಿನ ಅಂಚು ಇನ್ನೂ ಚೆನ್ನಾಗಿ ಕಂಡಿತು.

ಎಡವಟ್ಟೂ ಆಯಿತು. ಒಂದೇ ದೀಪದ ಸುತ್ತ 24 ಮಕ್ಕಳನ್ನು ನಿಲ್ಲಿಸಿದೆ. ಒಬ್ಬರ ನೆರಳು ಇನ್ನೊಬ್ಬರ ಚಂದ್ರನ ಮೇಲೆ ಬಿದ್ದು ಎಲ್ಲೆಲ್ಲೂ ಗ್ರಹಣ. ಆರಾರು ಜನರ ಗುಂಪು ಮಾಡಿದಾಗ ಸರಿಹೋಯಿತು. ಉಳಿದವರು ಹಲಗೆಯ ಎಂಟು ವೃತ್ತಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಸರದಿ ಕಾದರು. ಕಿಟಕಿಗಳಿಗೆ ಹಳೆಯ ಬ್ಯಾನರ್ ಕಟ್ಟಿದ್ದೆ, ಒಂದು ಗಾಳಿಗೆ ಬಿಚ್ಚಿಕೊಂಡಿತು, ಆ ಕಡೆಯ ಮಕ್ಕಳ ಚೆಂಡಿಗೆ ಎರಡು ಸೂರ್ಯ. ನಿಂಬೆಹಣ್ಣು ಇಬ್ಬರದು ಸೋರಿ ಅಂಗಿ ಹಾಳಾಯಿತು. ಮುಂದಿನ ಸಲ ಥರ್ಮೋಕೋಲ್.

ಒಬ್ಬ ಹುಡುಗ ಕೇಳಿದ: ಹಲಗೆಯ ಮೇಲೆ ತದಿಗೆಯ ಚಂದ್ರ ನಿಂತಿದ್ದಾನೆ, ನಮ್ಮ ಬೈನಾ ಕಡಲತೀರದಲ್ಲಿ ದೋಣಿಯ ಹಾಗೆ ಮಲಗಿರುತ್ತಾನಲ್ಲ, ಯಾವುದು ಸರಿ? ನಾನು ಮುಂದಿನ ವಾರ ಹೇಳುತ್ತೇನೆ ಎಂದು ಜಾರಿಕೊಂಡೆ.

ನಿವೃತ್ತ_ಮಾಸ್ತರ_ಪುಣೆ

ಎರಡೂ ಸರಿ. ನಮ್ಮ ಪುಸ್ತಕದ ಚಿತ್ರಗಳು ಉತ್ತರದ ದೇಶಗಳಲ್ಲಿ ಕಾಣುವ ಚಂದ್ರನವು. ಗೋವಾ ಭೂಮಧ್ಯರೇಖೆಗೆ ಹತ್ತಿರ, 15 ಡಿಗ್ರಿ ಚಿಲ್ಲರೆ ಅಷ್ಟೇ. ಇಲ್ಲಿ ಸಂಜೆ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುತ್ತಾನೆ, ಚಂದ್ರ ಅವನ ಮೇಲೆ ಇರುತ್ತಾನೆ, ಬೆಳಕು ತಳದಿಂದ ಬೀಳುತ್ತದೆ. ಹುಡುಗನಿಗೆ ದೀಪವನ್ನು ನೆಲದ ಮೇಲಿಟ್ಟು, ಚೆಂಡನ್ನು ಅದರ ಮೇಲೆ ಎತ್ತಿ ಹಿಡಿಯಲು ಹೇಳಿ.

ಅಂಧೇರಿ_ಕಾಕಾ

ಮೊಲದ ವಿಷಯ ಯಾರೂ ಹೇಳಲೇ ಇಲ್ಲ.

ವಾಸ್ಕೋ_ಶಿಕ್ಷಕಿ

ಮಳೆ ಬಿಟ್ಟ ಮೇಲೆ, ಕಾಕಾ. ಅಂದಹಾಗೆ ಸಮಿತಿಯವರು ಇನ್ವರ್ಟರ್ ಬಗ್ಗೆ ಯೋಚಿಸುತ್ತೇವೆ ಎಂದಿದ್ದಾರೆ. ವೈರ್‌ಮನ್ ಅಣ್ಣಾ, ಮೇಲಿನ ಕೋಣೆಗೆ ಮಾತ್ರ ಬೇರೆ ವೈರ್ ಎಳೆಯಲು ಎಷ್ಟು ಮೀಟರ್ ಬೇಕಾಗಬಹುದು? ಮೀಟರ್ ಬೋರ್ಡು ಕೆಳಗೆ, ಬಾಗಿಲಿನ ಎಡಕ್ಕಿದೆ.

ವೈರ್‌ಮನ್_ಮಡಗಾಂವ

ನೋಡದೆ ಹೇಳಲಾರೆ ಅಕ್ಕಾ. ಗುರುವಾರ ಆ ಕಡೆ ಕೆಲಸವಿದೆ, ಬಂದು ಅಳೆದು ಹೋಗುತ್ತೇನೆ.